ಕುದಿಸಿದರೆ ಸಾಕಲ್ಲವೇ?

ಹನ್ನೊಂದನೆಯ ಪ್ರಶ್ನಾರ್ಥಕ ಚಿಹ್ನೆಗೆ ಬರುವಷ್ಟರಲ್ಲಿ ಸಂಪಾದಕಿ ಮನೀಷಾಳ ತಲೆ ಚಿಟ್ಟು ಹಿಡಿದಿತ್ತು. ಕಳೆದ ವಾರದ ನೀರಿನ ಲೇಖನದ ಎರಡನೇ ಕಂತು, ಇನ್ನೂ ಎರಡು ಪುಟ ಬಾಕಿ. ಬರೆದವರು ಬಸವಕಲ್ಯಾಣದ ನಿವೃತ್ತ ವಿಜ್ಞಾನ ಮೇಷ್ಟ್ರು ಸಂಜೀವಕುಮಾರ. ಎದುರಿನ ಕುರ್ಚಿಯಲ್ಲೇ ಕೂತು, ಓದುವವಳ ಮುಖ ಯಾವಾಗ ಅರಳುತ್ತದೋ ಎಂದು ಕಾಯುತ್ತಿದ್ದರು. ಪ್ರತಿ ಬುಧವಾರ ಬಸ್ ಹಿಡಿದು ಹುಮನಾಬಾದಿನ ಈ ವಾರಪತ್ರಿಕೆಯ ಕಚೇರಿಗೆ ಬಂದು, ಲೇಖನ ಕೈಗೆ ಕೊಟ್ಟು, ಚಹಾ ಕುಡಿದೇ ಹೋಗುವುದು ಅವರ ಪದ್ಧತಿ.

‘ನೈಟ್ರೇಟ್ ಎಂದರೇನು? ಅದು ನೀರಿಗೆ ಎಲ್ಲಿಂದ ಬಂತು? ಕಣ್ಣಿಗೆ ಕಾಣುತ್ತದೆಯೇ? ರುಚಿಯಿಂದ ತಿಳಿಯುತ್ತದೆಯೇ? ಹಾಗಾದರೆ ನಾವು ಮಾಡಬೇಕಾದುದೇನು?’

“ಸರ್, ಇದು ಲೇಖನ ಏನು ಪರೀಕ್ಷಾ ಪತ್ರಿಕೆ ಏನ್ರಿ?” ಎಂದಳು ಮನೀಷಾ.

ಮೇಷ್ಟ್ರು ನಕ್ಕರು. “ಪ್ರಶ್ನಾ ಇದ್ರ ಓದೋರು ಎಚ್ಚರ ಇರ್ತಾರ್ರಿ. ಮೂವತ್ತೆರಡು ವರ್ಷ ಕ್ಲಾಸಿನ್ಯಾಗ ಹಿಂಗಾ ಕಲಿಸೀನಿ.”

“ಕ್ಲಾಸಿನ್ಯಾಗ ಹುಡುಗ ಕೈ ಎತ್ತತಾನ, ತಪ್ಪು ಹೇಳಿದ್ರ ನೀವು ಅಲ್ಲೇ ತಿದ್ದತೀರಿ. ಪೇಪರ್ ತಿದ್ದತದೇನ್ರಿ?”

ಪ್ರಶ್ನೆ ಬೇಡ ಎನ್ನುವುದಕ್ಕೆ ತಾನೇ ಎರಡು ಪ್ರಶ್ನೆ ಕೇಳಿದ್ದು ಗೊತ್ತಾಗಿ ಅವಳಿಗೆ ಇನ್ನಷ್ಟು ರೇಗಿತು. ಮೇಷ್ಟ್ರ ಕೆಲಸದಲ್ಲಿ ಹುಳುಕು ಇರಲಿಲ್ಲ, ಅದೇ ಅವಳ ಸಂಕಟ. ಸ್ವಂತ ಖರ್ಚಿನಲ್ಲಿ ಹುಮನಾಬಾದಿನ ಓಣಿ ಓಣಿಯ ಕೊಳವೆಬಾವಿ ನೀರನ್ನು ಬಾಟಲಿಯಲ್ಲಿ ತುಂಬಿಸಿ ಪರೀಕ್ಷೆ ಮಾಡಿಸಿದ್ದರು. ಊರಂಚಿನ ಒಂದು ಓಣಿಯ ನೀರಿನಲ್ಲಿ ಲೀಟರಿಗೆ ನೂರಾ ಹನ್ನೆರಡು ಮಿಲಿಗ್ರಾಂ ನೈಟ್ರೇಟ್ ಬಂದಿತ್ತು. ಇರಬಹುದಾದದ್ದು ಹೆಚ್ಚೆಂದರೆ ನಲವತ್ತೈದು. ಇಷ್ಟು ಗಟ್ಟಿ ವಿಷಯ ಕೈಯಲ್ಲಿದ್ದೂ ಮನುಷ್ಯ ಅದನ್ನು ಹೇಳಲೊಲ್ಲರು, ಸುತ್ತಲೂ ಕೇಳುತ್ತಾ ಕೂರುತ್ತಾರೆ.

ಅವಳು ಕೆಂಪು ಪೆನ್ನು ತೆಗೆದಳು. “ಇಲ್ಲಿ ನೋಡ್ರಿ. ‘ಇದಕ್ಕೆ ಮೇಲಿನ ಹೊಲದವರು ಸುರಿಯುವ ಗೊಬ್ಬರವೇ ಕಾರಣವಲ್ಲವೇ?’ ಅಂದೀರಿ. ಕಾರಣ ಅದೇ ಅಂತ ನಿಮಗ ಗೊತ್ತದೇನು?”

“ಇರಬಹುದು. ಕಕ್ಕಸ ಗುಂಡಿದೂ ಇರಬಹುದು, ತಿಪ್ಪೀದೂ ಇರಬಹುದು. ಅದಕ್ಕಂತೇ ಪ್ರಶ್ನಾ ಹಾಕೀನಿ.”

“ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅಂತ ಬರೀರಿ. ಹೊಲದವರ ಮ್ಯಾಲ ಗೂಬಿ ಕೂಡಿಸಿ, ನಾವೇನೂ ಅಂದಿಲ್ಲ ಅಂತ ಕೈ ತೊಳ್ಕೊಳ್ಳೋದು ಬ್ಯಾಡ.”

ಮೇಷ್ಟ್ರ ನಗು ಇಳಿಯಿತು. ಅದೇ ಹೊತ್ತಿಗೆ ಕಚೇರಿಯ ಕಸ ಗುಡಿಸಿ ಚಹಾ ಮಾಡುವ ಕಮಳಾಬಾಯಿ ಎರಡು ಕಪ್ಪು ಹಿಡಿದು ಬಂದಳು. ಐವತ್ತು ದಾಟಿದ ಹೆಂಗಸು. ಎರಡು ವರ್ಷದ ಹಿಂದೆ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತಿದ್ದಳು. ದಪ್ಪ ಅಕ್ಷರವಾದರೆ ಬೆರಳಿಟ್ಟು ಓದುತ್ತಿದ್ದಳು, ಸಣ್ಣ ಅಕ್ಷರ ಇನ್ನೂ ಕೈಗೆ ಹತ್ತಿರಲಿಲ್ಲ. ಮೇಷ್ಟ್ರನ್ನು ಕಂಡದ್ದೇ ಮುಖ ಅರಳಿಸಿದಳು.

“ನೀರಿಂದು ಬರದವರು ನೀವೇ ಅಲ್ರಿ ಮಾಸ್ತರ್? ಛಲೋ ಬರದೀರಿ. ನಾ ಅದನ್ನ ಕತ್ತರಿಸಿ ಗ್ಯಾಸಿನ ಬಾಜೂಕ ಗ್ವಾಡಿಗಿ ಅಂಟಿಸೀನಿ.”

ಮೇಷ್ಟ್ರು ಮನೀಷಾಳ ಕಡೆ ಗೆದ್ದವರಂತೆ ನೋಡಿದರು. “ಏನು ತಿಳೀತು ಬಾಯಿ, ಹೇಳ್ರಿ?”

“ಕುದಿಸಿದ್ರ ಸಾಕು ಅಂತ. ದಪ್ಪಗ ಬರದೀರಲ್ರಿ. ಅವತ್ತಿಂದ ಆಮ್ರಪಾಲಿ ಕೂಸಿನ ಹಾಲಿಗಿ ಕುದಿಸಿದ ನೀರೇ ಹಾಕಾಕತ್ತೇವ್ರಿ. ಅಕಿಗಿ ಎದಿಹಾಲು ಸಾಲವಲ್ದು, ಡಬ್ಬಿ ಪುಡಿ ಕಲಸ್ತೇವಿ. ಒಮ್ಮೆ ಅಲ್ರಿ, ಎರಡೆರಡು ಸಲ ಕುದಿಸ್ತೀನಿ.”

ಮನೀಷಾ ಪೆನ್ನು ಕೆಳಗಿಟ್ಟಳು. ಕಮಳಾಬಾಯಿಯ ಮನೆ ಆ ಊರಂಚಿನ ಓಣಿಯಲ್ಲೇ ಇತ್ತು. ಬಾಣಂತನಕ್ಕೆ ಬಂದ ಮಗಳು ಆಮ್ರಪಾಲಿಯ ಕೂಸಿಗೆ ಮೂರು ತಿಂಗಳು.

ಕಳೆದ ವಾರದ ಪತ್ರಿಕೆಯನ್ನು ಮನೀಷಾ ಎಳೆದುಕೊಂಡಳು. ಮುಖಪುಟದ ಚೌಕದಲ್ಲಿ, ಬೆರಳುದ್ದದ ಅಕ್ಷರದಲ್ಲಿ ಇತ್ತು: ‘ನೀರು ಕುದಿಸಿದರೆ ಸಾಕಲ್ಲವೇ?’ ಕೆಳಗೆ ಸಣ್ಣದಾಗಿ ‘ಆರನೇ ಪುಟ ನೋಡಿ’. ಆರನೇ ಪುಟದಲ್ಲಿ ಮತ್ತೆ ಆರೇಳು ಪ್ರಶ್ನೆ. ಅವೆಲ್ಲ ಮುಗಿದ ಮೇಲೆ ನಾಲ್ಕನೆಯ ಪ್ಯಾರಾದಲ್ಲಿ ಉತ್ತರ: ಸಾಲದು, ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ನೈಟ್ರೇಟ್ ಇನ್ನೂ ದಟ್ಟವಾಗುತ್ತದೆ; ಅದನ್ನು ಕುಡಿದ ಎಳೆಗೂಸಿನ ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾಗಿ ತುಟಿ, ಉಗುರು ನೀಲಿಗಪ್ಪಾಗುತ್ತವೆ. ಆ ತಲೆಬರಹ ಅವಳಿಗೆ ಆವತ್ತೇ ಹಿಡಿಸಿರಲಿಲ್ಲ. ಆದರೆ ಪ್ರೆಸ್ಸಿನವನು ನಾಲ್ಕು ಸಲ ಫೋನು ಮಾಡಿದ್ದ. ಹಾಳಾಗಿ ಹೋಗಲಿ ಎಂದು ಸಹಿ ಹಾಕಿದವಳು ಅವಳೇ.

“ಬಾಯಿ, ಕೂಸಿನ ತುಟಿ, ಉಗುರು ಯಾವ ಬಣ್ಣ ಅದಾವ? ಖರೇ ಹೇಳ್ರಿ.”

“ನಿನ್ನಿಂದ ಯಾಕೋ ಕಪ್ಪಗ ಕಾಣತಾವ್ರಿ. ಥಂಡಿಗಿ ಅಂತ ಸ್ವೆಟರ್ ಹಾಕೀವಿ. ಯಾಕ್ರಿ ಮೇಡಂ?”

ಮನೀಷಾ ಸುತ್ತು ಬಳಸಲಿಲ್ಲ. “ಆ ನೀರು ಕೂಸಿಗಿ ಕೊಡಬ್ಯಾಡ್ರಿ. ಕುದಿಸಿದ್ದೂ ಬ್ಯಾಡ. ಈಗ್ಲೇ ಫೋನ್ ಹಚ್ಚಿ ಆಮ್ರಪಾಲಿಗಿ ದವಾಖಾನಿಗಿ ಬರಲಿಕ್ಕ ಹೇಳ್ರಿ. ನಾನೂ ಬರ್ತೀನಿ.”

ಆಟೋದಲ್ಲಿ ಮೇಷ್ಟ್ರೂ ಹತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೂಸಿನ ತುಟಿ ನೋಡಿದವರೇ ಆಕ್ಸಿಜನ್ ಹಚ್ಚಿದರು, ರಕ್ತ ತೆಗೆಸಿದರು. ಮೇಷ್ಟ್ರು ಕೊಳವೆಬಾವಿ ನೀರಿನ ವರದಿಯನ್ನು ಕಿಸೆಯಿಂದ ತೆಗೆದು ತೋರಿಸಿದರು. ಆಮ್ರಪಾಲಿ ಅಳುವುದನ್ನೂ ಮರೆತು ಬಾಗಿಲಿಗೆ ಆತು ನಿಂತಿದ್ದಳು. ಸಂಜೆಗೆ ಡಾಕ್ಟರು ಹೊರಗೆ ಬಂದು, ಕೂಸು ಪಾರಾಯಿತು, ಎರಡು ದಿನ ಇಲ್ಲೇ ಇರಲಿ, ಇನ್ನೂ ಮೂರು ದಿನ ಬಿಟ್ಟು ತಂದಿದ್ದರೆ ಕಷ್ಟವಿತ್ತು ಎಂದರು. ಮನೀಷಾ ಅಲ್ಲೇ ಬೆಂಚಿನ ಮೇಲೆ ಕೂತಳು.

ಮೇಷ್ಟ್ರು ಅವಳ ಪಕ್ಕ ಬಂದು ಕೂತರು. “ನಾವು ತಪ್ಪು ಏನೂ ಬರದಿಲ್ಲಲ್ರಿ ಮನೀಷಾ. ಪ್ರಶ್ನಾ ಕೇಳೀವಿ ಅಷ್ಟೇ. ಉತ್ತರ ಒಳಗ ಇತ್ತು.”

ಅವಳಿಗೆ ಮೈ ಉರಿಯಿತು. ಏನಾದರೂ ಅಂದೇ ಬಿಡಬೇಕೆಂದು ತಿರುಗಿದಳು. ಅಷ್ಟರಲ್ಲಿ, ಕೂಸಿನ ಸ್ವೆಟರು ಮಡಚುತ್ತ ಪಕ್ಕದಲ್ಲೇ ಕೂತಿದ್ದ ಕಮಳಾಬಾಯಿ ಅವರ ಮಾತು ಕೇಳಿಸಿಕೊಂಡಿದ್ದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ತಿಳಿಯದ್ದನ್ನು ತಿಳಿಯುವ ಆಸೆ ಇತ್ತು.

“ಮಾಸ್ತರ್, ಕುದಿಸಿದ್ರ ಸಾಲಂಗಿಲ್ಲ ಅಂತ ನಿಮಗ ಮೊದಲೇ ಗೊತ್ತಿತ್ತೇನ್ರಿ?”

“ಗೊತ್ತಿತ್ತು ಬಾಯಿ.”

“ಮತ್ತ ನನ್ನ ಯಾಕ ಕೇಳಿದ್ರಿ?”

ಮೂವತ್ತೆರಡು ವರ್ಷ ಪ್ರಶ್ನೆ ಕೇಳಿದ ಮೇಷ್ಟ್ರು ಕಿಸೆಯಿಂದ ನೀರಿನ ವರದಿಯನ್ನು ಮತ್ತೆ ಹೊರತೆಗೆದರು. ಮನೀಷಾ ಕಮಳಾಬಾಯಿಯ ಕಡೆ ತಿರುಗಿದಳು. “ತಪ್ಪಾಯ್ತು ಬಾಯಿ. ಸಹಿ ನಂದು,” ಎಂದಳು. ಕಮಳಾಬಾಯಿ ಸ್ವೆಟರು ತೆಗೆದುಕೊಂಡು ಮಗಳ ಹತ್ತಿರ ಹೋದಳು.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ನೀರಿನ ವರದಿಯ ಬೆನ್ನ ಮೇಲೆ ಬರೆಯತೊಡಗಿದರು. ಬರೆದು, ಕನ್ನಡಕ ಒರೆಸಿಕೊಂಡು, ಹಾಳೆಯನ್ನು ಮನೀಷಾಳ ತೊಡೆಯ ಮೇಲಿಟ್ಟರು.

‘ಊರಂಚಿನ ಓಣಿಯ ಕೊಳವೆಬಾವಿಯ ನೀರನ್ನು ಕೂಸುಗಳಿಗೆ ಕೊಡಬೇಡಿ. ಕುದಿಸಿದರೂ ಕೊಡಬೇಡಿ, ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ತುಟಿ, ಉಗುರು ನೀಲಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ನೀರಿಗೆ ಇದು ಎಲ್ಲಿಂದ ಬಂತೆಂದು ನಮಗೆ ಗೊತ್ತಿಲ್ಲ. ಕಳೆದ ವಾರ ಗೊತ್ತಿದ್ದುದನ್ನು ನೇರ ಹೇಳದೆ ನಿಮ್ಮನ್ನೇ ಕೇಳಿದೆವು. ಅದು ನಮ್ಮ ತಪ್ಪು.’

“ಮುಖಪುಟಕ್ಕ ಹಾಕ್ರಿ,” ಎಂದರು. “ಎಲ್ಲಾ ದಪ್ಪ ಅಕ್ಷರದಾಗ.”