ಎರಡನೆಯ ಜಾಮೀನುದಾರ

"ಸಾಲ ನಿಮ್ಮದಲ್ಲ, ಸರಿ. ಆದ್ರೆ ಜಾಮೀನು ನಿಮ್ಮದೇ ಅಲ್ವಾ?" ಎಂದು ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿಣಿ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು.

ಅವನು ಬಂದದ್ದು ಬೇರೆಯೇ ಕೆಲಸಕ್ಕೆ. ಅವನದು ದರ್ಜಿಗಳಿಗೆ ಬೇಕಾದ ದಾರ, ಗುಂಡಿ, ಜಿಪ್ಪು, ಅಸ್ತರಿನ ಬಟ್ಟೆ ಮಾರುವ ಸಣ್ಣ ಅಂಗಡಿ. ಪಕ್ಕದ ಮಳಿಗೆ ಖಾಲಿಯಾಗಿತ್ತು. ನಡುವಿನ ಗೋಡೆ ಒಡೆಸಿ ಅಂಗಡಿಯನ್ನು ದೊಡ್ಡದು ಮಾಡೋಣ, ಅದಕ್ಕೊಂದು ಸಾಲ ಕೇಳೋಣ ಎಂದು ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ದರ್ಜಿಗಳು ಅವನನ್ನು ತಮಾಷೆಗೆ ಗುಂಡಿ ಸಾಹುಕಾರ ಎನ್ನುತ್ತಿದ್ದರು. ಇನ್ನು ಮೇಲೆ ಆ ಮಾತಿಗೆ ಸ್ವಲ್ಪವಾದರೂ ಅರ್ಥ ಬಂದೀತು ಎಂಬ ಆಸೆ ಅವನಿಗಿತ್ತು.

"ಅದು ನಮ್ಮ ಭಾವನ ರಟ್ಟಿನ ಡಬ್ಬಿ ಕಾರ್ಖಾನೆ ಸಾಲ ಮೇಡಂ. ನಾನು ಸಾಕ್ಷಿಗೆ ಅಂತ ಒಂದು ಸಹಿ ಹಾಕಿದ್ದೆ ಅಷ್ಟೆ."

"ಸಾಕ್ಷಿ ಅಲ್ಲ. ಜಾಮೀನುದಾರ ನಂಬರ್ ಎರಡು, ನೀವು. ನಂಬರ್ ಒಂದು ನಿಮ್ಮ ಭಾವನ ಹೆಂಡತಿ."

ಭಾವನ ಹೆಂಡತಿ ಎಂದರೆ ಅವನ ಅಕ್ಕ. ತಾಯಿ ಹೋದ ಮೇಲೆ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು.

ಅಧಿಕಾರಿಣಿ ಎದ್ದು ಹೋಗಿ ಕಪಾಟಿನಿಂದ ಒಂದು ಕಡತ ತಂದಳು. ಒಳಗೆ ಸಣ್ಣ ಅಕ್ಷರದ ಹಾಳೆಗಳು, ಪ್ರತಿ ಹಾಳೆಯ ಬುಡದಲ್ಲೂ ಅವನದೇ ಸಹಿ. ಅದನ್ನು ನೋಡುತ್ತಿದ್ದಂತೆ ಅವನಿಗೆ ಆ ದಿನ ನೆನಪಾಯಿತು. ಮದುವೆಗಳ ಕಾಲ, ಅಂಗಡಿಯಲ್ಲಿ ಜನವೋ ಜನ. ಭಾವ ಬಂದು "ಹತ್ತು ನಿಮಿಷದ ಕೆಲಸ, ಬಾರಯ್ಯಾ" ಎಂದು ಎಳೆದುಕೊಂಡು ಬಂದಿದ್ದ. ಆಗಿದ್ದ ಅಧಿಕಾರಿ ಹಾಳೆ ಮಗುಚುತ್ತಾ ಬೆರಳಿಟ್ಟಲ್ಲೆಲ್ಲ ಇವನು ಸಹಿ ಹಾಕುತ್ತಾ ಹೋಗಿದ್ದ. ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಮದುಮಗಳ ರವಿಕೆಗೆ ಯಾವ ಕೆಂಪು ದಾರ ಒಪ್ಪುತ್ತದೆ ಎಂದು ದರ್ಜಿಯೊಬ್ಬಳ ಜೊತೆ ವಾದ ಮಾಡುತ್ತಿದ್ದ. "ಓದಿದ್ರಾ?" ಎಂದು ಆ ಅಧಿಕಾರಿ ಕೇಳಿದ್ದಕ್ಕೆ ತಲೆಯಾಡಿಸಿದ್ದ. ಎರಡು ಕೆಂಪುಗಳ ನಡುವಿನ ವ್ಯತ್ಯಾಸಕ್ಕೆ ಅರ್ಧ ಗಂಟೆ ಜಗಳವಾಡುವ ಮನುಷ್ಯ, ತನ್ನ ಹೆಸರಿನ ಮೇಲೆ ಏನು ಬರೆದಿದೆ ಎಂದು ಒಂದು ಸಲವೂ ಕಣ್ಣು ಹಾಯಿಸಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅಕ್ಕ ಸೆರಗು ಹಿಡಿದು ಕೂತಿದ್ದಳು. ಭಾವನ ಜೊತೆ ಬಂದಿದ್ದಾಳೆ ಎಂದುಕೊಂಡಿದ್ದನೇ ಹೊರತು ಅವಳೂ ಸಹಿ ಹಾಕಿದವಳೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಅಂದ್ರೆ... ಭಾವ ಕಟ್ಟದೇ ಇದ್ರೆ?"

"ನೀವು ಕಟ್ಟಬೇಕು."

"ಮೊದಲು ಅವರನ್ನ ಹಿಡೀತೀರಲ್ವಾ? ಅವರ ಯಂತ್ರ, ಕಾರ್ಖಾನೆ..."

"ಹಿಡೀಬಹುದು. ಆದ್ರೆ ಅವರನ್ನ ಮುಗಿಸಿದ ಮೇಲೇ ನಿಮ್ಮ ಹತ್ರ ಬರಬೇಕು ಅಂತೇನಿಲ್ಲ. ಇಲ್ಲಿ ಬರೆದಿದೆ ನೋಡಿ." ಅವಳು ಬೆರಳಿಟ್ಟು ಓದಿದಳು. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಬ್ಯಾಂಕು ಯಾರನ್ನು ಬೇಕಾದರೂ ಮೊದಲು ಕೇಳಬಹುದು. ನೋಟಿಸು ಕೊಟ್ಟು, ಈ ಬ್ಯಾಂಕಿನಲ್ಲಿರುವ ಜಾಮೀನುದಾರನ ಖಾತೆಯಿಂದಲೇ ಹಣ ಮುರಿದುಕೊಳ್ಳಬಹುದು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಅದೇ ಅವನಿಗೆ ಹೆಚ್ಚು ದಿಗಿಲು ಹುಟ್ಟಿಸಿತು. ಅಂಗಡಿಯ ವ್ಯಾಪಾರದ ಹಣವೆಲ್ಲ ಇದ್ದದ್ದು ಇದೇ ಬ್ಯಾಂಕಿನಲ್ಲಿ.

"ಇಬ್ಬರು ಜಾಮೀನುದಾರರಲ್ವಾ ಮೇಡಂ, ಹಾಗಾದ್ರೆ ನನ್ನ ಪಾಲು ಅರ್ಧ ತಾನೇ?"

"ಬ್ಯಾಂಕಿಗೆ ಅರ್ಧ ಅನ್ನೋದಿಲ್ಲ. ಪೂರ್ತಿ ನಿಮ್ಮೊಬ್ಬರಿಂದಲೂ ಕೇಳಬಹುದು, ಪೂರ್ತಿ ಅವರೊಬ್ಬರಿಂದಲೂ ಕೇಳಬಹುದು. ನೀವು ಕಟ್ಟಿದ ಮೇಲೆ ನಮ್ಮ ಹಕ್ಕು ನಿಮಗೆ ಬರುತ್ತೆ. ನಿಮ್ಮ ಭಾವನ ಮೇಲೆ ನೀವು ದಾವೆ ಹಾಕಬಹುದು, ಅಕ್ಕನ ಹತ್ರ ಅವರ ಪಾಲು ಕೇಳಬಹುದು."

ಅಕ್ಕನ ಹತ್ತಿರ ಪಾಲು ಕೇಳುವುದು!

ಸದ್ಯಕ್ಕೆ ಭಾವನ ಸಾಲದ ಖಾತೆ ಸರಿಯಾಗಿಯೇ ಇದೆ, ಹೆದರಬೇಡಿ ಎಂದಳು ಅವಳು. ಭಾವನಿಗೆ ಕೊಟ್ಟದ್ದು ಒಂದೇ ಸಲ ತೆಗೆದು ತೀರಿಸುವ ಸಾಲವಲ್ಲ. ಇಷ್ಟು ಮಿತಿ ಎಂದು ಗೊತ್ತು ಮಾಡಿರುತ್ತಾರೆ, ಬೇಕೆಂದಾಗ ತೆಗೆಯುವುದು, ಮಾಲು ಮಾರಿದಾಗ ಕಟ್ಟುವುದು, ಮತ್ತೆ ತೆಗೆಯುವುದು. ಜಾಮೀನೂ ಹಾಗೆಯೇ, ಮುಂದುವರಿಯುವ ಜಾಮೀನು. ನಾಳೆ ತೆಗೆದದ್ದಕ್ಕೂ, ಮುಂದಿನ ವರ್ಷ ತೆಗೆದದ್ದಕ್ಕೂ ಇದೇ ಸಹಿ ಉತ್ತರ ಹೇಳಬೇಕು. ಮಿತಿಯಲ್ಲಿ ಇನ್ನೂ ಅರ್ಧದಷ್ಟು ತೆಗೆಯದೆ ಉಳಿದಿತ್ತು.

"ಈ ಹೊಣೆ ಇರೋವರೆಗೆ ನಿಮಗೆ ಹೊಸ ಸಾಲ ಕಷ್ಟ," ಎಂದು ಅವಳು ಕಡತ ಮುಚ್ಚಿದಳು.

ಗೋಡೆ ಒಡೆಸುವ ಯೋಚನೆ ಅವನ ತಲೆಯಿಂದ ಆಗಲೇ ಹಾರಿಹೋಗಿತ್ತು. ಅವನು ನೇರ ಭಾವನ ಕಾರ್ಖಾನೆಗೆ ಹೋದ.

ಅಲ್ಲಿ ರಟ್ಟು ಕತ್ತರಿಸುವ ಯಂತ್ರದ ಸದ್ದು ಬೀದಿಯ ತುದಿಗೇ ಕೇಳಬೇಕಿತ್ತು. ಕೇಳಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಯಂತ್ರಕ್ಕೆ ಗೋಣಿ ಹೊದಿಸಿದ್ದರು. ಕಚ್ಚಾ ರಟ್ಟಿನ ಹಾಳೆಗಳು ಸೂರಿನವರೆಗೆ ಇರುತ್ತಿದ್ದ ಕಡೆ ಬರೀ ನೆಲ. ಭಾವ ಒಬ್ಬನೇ ಮೇಜಿನ ಹಿಂದೆ ಕೂತು ಫೋನಿನಲ್ಲಿ ಯಾರಿಗೋ ಗೋಗರೆಯುತ್ತಿದ್ದ. ಇವನನ್ನು ಕಂಡದ್ದೇ ಫೋನಿಟ್ಟು ಮುಖದ ಮೇಲೆ ನಗು ತಂದುಕೊಂಡ.

"ಏನಯ್ಯಾ ಸಾಹುಕಾರಾ, ದಾರಿ ತಪ್ಪಿ ಬಂದ್ಯಾ?"

"ಕೆಲಸಗಾರರೆಲ್ಲಿ ಭಾವಾ?"

"ರಜಾ ಕೊಟ್ಟಿದೀನಿ. ದೊಡ್ಡ ಗಿರಾಕಿ ಒಬ್ಬ ಕೈ ಕೊಟ್ಟ. ಹೊರಗಡೆ ಬಡ್ಡಿಗೆ ತಂದಿದ್ದೆ, ಆ ನನ್ಮಕ್ಕಳು ಮನೆ ಬಾಗಿಲಿಗೇ ಬರ್ತಿದಾರೆ. ಏನೂ ಪರವಾಗಿಲ್ಲ ಬಿಡು. ಬ್ಯಾಂಕಲ್ಲಿ ಇನ್ನೂ ಮಿತಿ ಇದೆ. ನಾಳೆ ಬೆಳಿಗ್ಗೆ ಉಳಿದದ್ದನ್ನೆಲ್ಲ ತೆಗೆದು ಅವರ ಮುಖಕ್ಕೆ ಎಸೀತೀನಿ."

"ಆಮೇಲೆ ಬ್ಯಾಂಕಿಗೆ?"

"ಬ್ಯಾಂಕಿನವರು ಮನೆ ಬಾಗಿಲಿಗೆ ಬಂದು ಕೂಗಾಡಲ್ವಲ್ಲ!" ಎಂದು ಭಾವ ನಕ್ಕ. ಅವನ ಕಣ್ಣು ಮಾತ್ರ ನಗಲಿಲ್ಲ. ಅವನೂ ಹೆದರಿದ್ದ. ಹೆದರಿದವನು ತನ್ನ ಭಯವನ್ನು ಸದ್ದಿಲ್ಲದೆ ಇನ್ನೊಬ್ಬರ ತಲೆಗೆ ದಾಟಿಸುತ್ತಿದ್ದಾನೆ, ಆ ತಲೆ ತನ್ನದು ಎಂದು ಇವನಿಗೆ ತಿಳಿಯಿತು. ಜಗಳವಾಡಬೇಕೆಂದು ಬಂದವನು "ಬರ್ತೀನಿ ಭಾವಾ" ಎಂದಷ್ಟೇ ಹೇಳಿ ಹೊರಬಿದ್ದ.

ಬ್ಯಾಂಕು ಮುಚ್ಚುವ ಮುಂಚೆ ಅವನು ಮತ್ತೆ ಅದೇ ಮೇಜಿನ ಮುಂದೆ ನಿಂತಿದ್ದ.

"ನನ್ನ ಹೆಸರು ತೆಗೆದುಹಾಕಿ ಮೇಡಂ. ದಯವಿಟ್ಟು."

"ಕೊಟ್ಟ ಜಾಮೀನನ್ನ ಹಿಂದಿನಿಂದ ಅಳಿಸೋಕಾಗಲ್ಲ. ಮುಂದಿನದನ್ನ ನಿಲ್ಲಿಸಬಹುದು. ಇನ್ನು ಮೇಲೆ ಕೊಡೋ ಹಣಕ್ಕೆ ನಾನು ಹೊಣೆ ಅಲ್ಲ ಅಂತ ಬರೆದು ಕೊಡಿ. ನಮ್ಮ ಮುದ್ರೆ ಬಿದ್ದ ಹೊತ್ತಿಗೆ ಬಾಕಿ ಎಷ್ಟಿದೆಯೋ ಅಲ್ಲಿಗೆ ಗೆರೆ ಎಳೀತೀವಿ. ಆ ಬಾಕಿ, ಅದರ ಬಡ್ಡಿ, ಅದು ತೀರೋವರೆಗೆ ನಿಮ್ಮ ಮೇಲೇ ಇರುತ್ತೆ."

"ಆಮೇಲೆ ಅವರಿಗೆ ಹಣ ಕೊಡ್ತೀರಾ?"

"ಅದು ಮ್ಯಾನೇಜರ್ ತೀರ್ಮಾನ. ನಿಲ್ಲಿಸಬಹುದು. ಒಂದನೇ ಜಾಮೀನುದಾರರು ಸಾಕು ಅಂತ ಮುಂದುವರಿಸಲೂಬಹುದು. ಮನೆ ನಿಮ್ಮ ಅಕ್ಕನ ಹೆಸರಲ್ಲಿದೆಯಲ್ಲ."

ಅವನ ಪೆನ್ನು ನಿಂತಿತು. ಮೊದಲು ಅಕ್ಕನಿಗೆ ಒಂದು ಮಾತು ಹೇಳಬೇಕು, ಅವಳನ್ನೂ ಕರೆತಂದು ಇಬ್ಬರೂ ಒಟ್ಟಿಗೆ ಬರೆದುಕೊಡಬೇಕು, ಅದು ನ್ಯಾಯ. ಆದರೆ ಕಾವಲುಗಾರ ಆಗಲೇ ಒಂದು ಬಾಗಿಲು ಎಳೆದಿದ್ದ. ಅಕ್ಕನಿಗೆ ಹೇಳಿದರೆ ಅವಳು ಅಳುತ್ತಾಳೆ, ಅವಳು ಅತ್ತರೆ ತನ್ನ ಕೈಯಲ್ಲಿ ಇದು ಆಗುವುದಿಲ್ಲ, ಬೆಳಗಾದರೆ ಭಾವ ಬರುತ್ತಾನೆ. ಕಪಾಟಿನ ಗುಂಡಿಗಳು, ದಾರದ ಉಂಡೆಗಳು, ಬಾಡಿಗೆ ಮುಂಗಡ, ಎಲ್ಲ ಒಂದು ಕ್ಷಣ ಅವನ ಕಣ್ಮುಂದೆ ಹರಾಜಾದವು. ಅವನು ಬರೆದ. ಅಧಿಕಾರಿಣಿ ಓದಿ, ಒಂದು ಪ್ರತಿಯ ಮೇಲೆ ಮುದ್ರೆ ಒತ್ತಿ, ತಾರೀಕು ಹಾಕಿ, ಅವನ ಕೈಗೆ ಕೊಟ್ಟಳು.

ಹೊರಗೆ ಬಂದಾಗ ಹಗುರಾಗಬೇಕಿತ್ತು. ಆಗಲಿಲ್ಲ. ನೇರ ಅಕ್ಕನ ಮನೆಗೆ ನಡೆದ.

ಅಕ್ಕ ಬಾಗಿಲು ತೆರೆದವಳು ಅವನ ಮುಖ ನೋಡಿಯೇ "ಏನೋ ಆಗಿದೆ" ಎಂದಳು. ಅವನು ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕಾರ್ಖಾನೆಯ ಬರೀ ನೆಲ, ಹೊರಗಿನ ಬಡ್ಡಿ, ಜಾಮೀನಿನ ಅರ್ಥ, ಕೊನೆಗೆ ತಾನು ಕೊಟ್ಟ ಕಾಗದ.

"ನಿನಗೆ ಗೊತ್ತಿತ್ತಾ ಅಕ್ಕಾ, ಅದು ಏನು ಕಾಗದ ಅಂತ?"

"ಮನೆ ಹೋಗಬಹುದು ಅಂತ ಗೊತ್ತಿತ್ತು," ಎಂದಳು ಅವಳು. "ನಿನ್ನ ಸಹಿ ಬೇಕು ಅಂತ ಹಟ ಹಿಡಿದಿದ್ದು ನಾನು ಕಣೋ. ಅವರಲ್ಲ."

ಅವನು ತಲೆಯೆತ್ತಿದ.

"ನನ್ನ ಮನೆ ಒತ್ತೆ ಬಿದ್ದರೆ ಇವರಿಗೆ ಏನೂ ಅನ್ನಿಸಲ್ಲ. ಹೆಂಡತಿ ತಾನೇ. ನಿನ್ನ ಹೆಸರಿದ್ರೆ ನಾಚಿಕೆಗಾದ್ರೂ ಹದವಾಗಿ ನಡ್ಕೋತಾರೆ ಅಂದ್ಕೊಂಡೆ. ನಿನ್ನನ್ನ ಕಾವಲಿಗೆ ಇಟ್ಟಿದ್ದೆ. ನಿನಗೆ ಹೇಳಿದ್ರೆ ಒಪ್ಪಲ್ಲ ಅಂತ ಹೇಳಲಿಲ್ಲ."

ಅವನಿಗೆ ಅವಳ ಮೇಲೆ ಕೋಪ ಬರಬೇಕಿತ್ತು. ಬಂದದ್ದು ನಾಚಿಕೆ. ಅವಳು ತನ್ನನ್ನು ಕೇಳದೆ ಒಳಗೆ ತಂದಿದ್ದಳು, ತಾನು ಅವಳನ್ನು ಕೇಳದೆ ಹೊರಗೆ ಬಂದಿದ್ದ.

ಅಕ್ಕ ಮುದ್ರೆಯ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

"ಹಾಗಾದ್ರೆ ನಾಳೆಯಿಂದ ಹೊಣೆ ನನ್ನೊಬ್ಬಳದೇನಾ?"

"ನಾಳೆ ಬೆಳಿಗ್ಗೆ ಬ್ಯಾಂಕು ತೆಗೆಯೋ ಹೊತ್ತಿಗೆ ನೀನೂ ಬಾ ಅಕ್ಕಾ. ಭಾವ ಬರೋ ಮುಂಚೆ. ಇಂಥದ್ದೇ ಒಂದು ಕಾಗದ ನೀನೂ ಕೊಡು."

"ಕೊಟ್ಟ ಮೇಲೆ ಇದೇ ಮನೇಲಿ ಇವರ ಜೊತೆ ಇರಬೇಕಲ್ಲೋ ನಾನು," ಎಂದಳು.

ಬೀದಿಯ ತಿರುವಿನಲ್ಲಿ ಭಾವನ ಸ್ಕೂಟರಿನ ಸದ್ದು ಕೇಳಿಸಿತು. ಅಕ್ಕ ಕಾಗದವನ್ನು ಮಡಚಿ ಅವನಿಗೆ ಕೊಡಲಿಲ್ಲ, ಬಚ್ಚಿಡಲೂ ಇಲ್ಲ. ಮೇಜಿನ ನಡುವೆ ಬಿಡಿಸಿಟ್ಟು, ಗಾಳಿಗೆ ಹಾರದಂತೆ ನೀರಿನ ಲೋಟವೊಂದನ್ನು ಅದರ ಅಂಚಿಗೆ ಇಟ್ಟಳು. ಅವನು ಎದ್ದು ನಿಂತ.

"ಎಲ್ಲಿಗೆ?" ಎಂದಳು ಮೆಲ್ಲಗೆ. "ಇವತ್ತು ಹೋಗ್ಬೇಡ. ಕೂತ್ಕೋ."

ಅವನು ಕೂತ. ಹೊರಗೆ ಸ್ಕೂಟರು ನಿಂತಿತು. ಅಕ್ಕ ಇನ್ನೊಂದು ಕುರ್ಚಿಯನ್ನು ಎಳೆದು ಅವನ ಪಕ್ಕಕ್ಕೆ, ಬಾಗಿಲಿಗೆ ಮುಖ ಮಾಡಿ ಹಾಕಿಕೊಂಡಳು.