ಬಿಡಿಸಿಟ್ಟ ಮಹಡಿ

ಅತ್ತೆಯ ಮನೆಗೆ ಮಹಡಿಯ ನಕ್ಷೆ ಬರೆದವಳು ಆರ್ಕಿಟೆಕ್ಟ್ ಸೊಸೆಯೇ. ಅದನ್ನು ನೋಡಿದಾಗಿನಿಂದ ಅತ್ತೆ ಮುಖ ಊದಿಸಿಕೊಂಡಿದ್ದರು. ಕೊನೆಗೆ ಬಾಯಿಬಿಟ್ಟರು: "ನನ್ನ ಒಲೆ ಮೇಲಿನ ಬೆಳಕಿಂಡಿಗೆ ಕಾಟು ಹೊಡೆದುಬಿಟ್ಟಿದ್ದೀಯಲ್ಲೇ!"

ಅತ್ತೆ ಕಾಟು ಎಂದುಕೊಂಡಿದ್ದ, ನಕ್ಷೆಯಲ್ಲಿ ಒಲೆಯ ನೇರಕ್ಕಿದ್ದ ಆ ಕತ್ತರಿಗೆರೆಗಳ ಅರ್ಥ, ಮಹಡಿಗೆ ಅಲ್ಲಿ ನೆಲವಿಲ್ಲ, ಬರೀ ತೆರಪು ಎಂದು. ಸೊಸೆ ವಾದಿಸದೆ ಊಟದ ಮೇಜಿನಲ್ಲೇ ಕೂತು, ಮನೆಯ ಅಂತಸ್ತುಗಳನ್ನು ಬಿಡಿಬಿಡಿಯಾಗಿ ಓರೆಯಿಂದ ತೋರಿಸುವ ಐಸೊಮೆಟ್ರಿಕ್ ಚಿತ್ರ ಬರೆದಳು: ಕೆಳಗೆ ಅಡುಗೆಮನೆ, ಅದರ ನೇರಕ್ಕೆ ಎತ್ತಿ ಹಿಡಿದಂತೆ ತೆರಪಿರುವ ಮಹಡಿ, ಅದಕ್ಕೂ ಮೇಲೆ ಗಾಜಿನ ಕಿಂಡಿಯ ಚಾವಣಿ. ಮೂರನ್ನೂ ನೆಟ್ಟಗಿನ ಚುಕ್ಕೆಗೆರೆಗಳು ಜೋಡಿಸಿದ್ದವು.

ಅತ್ತೆಯ ಬೆರಳು ಗಾಜಿನಿಂದ ಚುಕ್ಕೆಗೆರೆ ಹಿಡಿದು ಒಲೆಯವರೆಗೆ ಇಳಿಯಿತು.

"ಅಯ್ಯೋ, ಬೆಳಕು ಸೀದಾ ಇಲ್ಲೀವರೆಗೂ ಬರುತ್ತಾ! ಮೊದ್ಲೇ ಹೀಗೆ ಬಿಡಿಸಿ ತೋರಿಸ್ಬಾರ್ದಿತ್ತಾ, ಕಂದಾ?"

"ಮುಖ ಊದಿಸ್ಕೊಳ್ಳೋ ಬದ್ಲು ನೀವು ಮೊದ್ಲೇ ಬೈಬಾರ್ದಿತ್ತಾ, ಅತ್ತೆ?"

ಅತ್ತೆ ನಗುತ್ತ ಪೆನ್ಸಿಲು ಕಸಿದುಕೊಂಡು, ಒಲೆಯ ಮುಂದೆ ಸೊಟ್ಟಸೊಟ್ಟಗೆ ಇಬ್ಬರು ಹೆಂಗಸರನ್ನು ಬರೆದರು.