ಹಳೇ ಓನರಿಗೊಂದು ಫೋನು

ಬೀದಿಯವರೆಲ್ಲ ಅವರನ್ನು ಕನ್ನಡಕದಮ್ಮ ಎನ್ನುತ್ತಿದ್ದರು. ಕೆಳಗೆ ಕನ್ನಡಕದ ಅಂಗಡಿ, ಅದರ ಹಿಂದೆ ಅವರೊಬ್ಬರ ವಾಸ, ಮೇಲೆ ಬಾಡಿಗೆ ಮನೆ. ಆ ಮೇಲಿನ ಮನೆ ನಾಲ್ಕು ತಿಂಗಳಿಂದ ಖಾಲಿ. ಹಿಂದಿದ್ದ ಪುಣ್ಯಾತ್ಮ ತನ್ನ ಭಾವಮೈದುನನ ನಂಬರನ್ನೇ ಹಳೇ ಓನರ್ ನಂಬರ್ ಅಂತ ಕೊಟ್ಟು ಟೋಪಿ ಹಾಕಿದ್ದ. ಕುಡಿದು ಬಂದು ಇವರ ಬಾಗಿಲು ಬಡಿಯುತ್ತಿದ್ದ. ಸ್ವಂತ ಮನೆಯಲ್ಲಿ ಹೆದರಿಕೊಂಡು ಬದುಕುವುದೆಂದರೆ ಎಂಥ ಕರ್ಮ! ಇನ್ನೊಬ್ಬ ಅಂಥವನು ಗಂಟುಬಿದ್ದರೆ ಎಲ್ಲ ಮಾರಿ ಹೊರಟುಬಿಡುತ್ತೇನೆ ಎಂದು ಅವರು ತೀರ್ಮಾನಿಸಿದ್ದರು.

ಈ ಸಲ ಮನೆ ಕೇಳಿ ಬಂದವಳು ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನ ಹುಡುಗಿ. ಹುಡುಗಿ ಎಂದರೂ ಮೂವತ್ತು ದಾಟಿದವಳು, ಗಂಡನನ್ನು ಬಿಟ್ಟು ಒಂಟಿಯಾಗಿದ್ದವಳು. ಅವಳು ಬರುವ ಮೊದಲೇ ಕನ್ನಡಕದಮ್ಮನ ತಮ್ಮ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದ.

“ಗಂಡ ಎಲ್ಲಿ, ಯಾಕೆ ಬಿಟ್ಲು, ಯಾರ್ಯಾರು ಬಂದು ಹೋಗ್ತಾರೆ, ಎಲ್ಲಾ ಬಾಯಿ ಬಿಡಿಸ್ಬೇಕು ಅಕ್ಕ.”

“ಸುಮ್ನೆ ಕೂತ್ಕೊಳೋ. ಮನೆ ಬಾಡಿಗೆಗೆ ಕೊಡ್ತಿದೀನಿ, ಸೊಸೆ ತರ್ತಿಲ್ಲ. ಬಾಡಿಗೆ ಕಟ್ತಾಳಾ, ಹೇಳಿದ ಹೆಸರು ಅವಳದ್ದೇನಾ, ಮನೆ ಚೆನ್ನಾಗಿಟ್ಕೊಳ್ತಾಳಾ. ಅಷ್ಟು ಸಾಕು ನಂಗೆ.”

ಹುಡುಗಿ ಕಾಗದಗಳನ್ನು ಮೇಜಿನ ಮೇಲಿಟ್ಟಳು. ಕನ್ನಡಕದಮ್ಮ ಗುರುತಿನ ಚೀಟಿಯ ಮೂಲಪ್ರತಿ ತೆಗೆದುಕೊಂಡು ಮುಖ ನೋಡಿದರು, ಹೆಸರು ನೋಡಿದರು, ವಾಪಸು ಕೊಟ್ಟರು. ನಕಲಿನಲ್ಲಿ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದನ್ನು ಅವಳ ಕೈಯಲ್ಲೇ ಮಸಿ ಬಳಿಸಿ, ‘ಬಾಡಿಗೆಗೆ ಮಾತ್ರ’ ಎಂದು ಅಡ್ಡಲಾಗಿ ಬರೆಸಿದರು. ಮೂರು ತಿಂಗಳ ಸಂಬಳದ ಚೀಟಿ ಸರಿಯಿತ್ತು. ಬ್ಯಾಂಕಿನ ಕಾಗದ ಬಂದಾಗ ಅವರೇ ಕೈ ಅಡ್ಡ ಹಿಡಿದರು.

“ಸಂಬಳ ಬಿದ್ದಿರೋ ಸಾಲು ಮಾತ್ರ ತೋರಿಸಮ್ಮ, ಮಿಕ್ಕಿದ್ದು ಮುಚ್ಕೋ. ನೀನು ಏನು ಕೊಂಡೆ, ಎಲ್ಲಿ ತಿಂದೆ, ಅದೆಲ್ಲ ನಂಗ್ಯಾಕೆ?”

ಬಾಡಿಗೆ ಸಂಬಳದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯೇ ಇತ್ತು. ಆಸ್ಪತ್ರೆಗೂ ಈಗಿನ ಓನರಿಗೂ ಫೋನ್ ಮಾಡಬಹುದು ಎಂದು ಅವಳಿಂದ ಎರಡು ಸಾಲು ಬರೆಸಿಕೊಂಡು ಕಳಿಸಿದರು. ತಮ್ಮ ಹಲ್ಲು ಕಚ್ಚಿಕೊಂಡು ಕೂತಿದ್ದ, ಪಾಪ.

ಆಸ್ಪತ್ರೆಗೆ ಸಂಬಳದ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಲಿಲ್ಲ. ಅದರ ಬೋರ್ಡಿನ ಮೇಲಿದ್ದ ನಂಬರಿಗೆ ಮಾಡಿ, ಅವಳು ಅಲ್ಲಿ ಕೆಲಸದಲ್ಲಿದ್ದಾಳಾ ಎಂದಷ್ಟೇ ಕೇಳಿದರು. ಇದ್ದಳು.

ಆಮೇಲೆ ಓನರಿಗೆ, ಸ್ಪೀಕರ್ ಹಾಕಿ. ಒಂದು ಸಲ ಸುಟ್ಟುಕೊಂಡವರು ನೋಡಿ, ಬಾಡಿಗೆ ಎಷ್ಟು, ಯಾವ ತಿಂಗಳಿಂದ ಇದ್ದಾಳೆ ಎಂಬುದನ್ನು ತಾವು ಹೇಳದೆ ಅವನ ಬಾಯಿಂದಲೇ ಹೇಳಿಸಿದರು. ಎಲ್ಲ ಅವಳು ತಂದುಕೊಟ್ಟಿದ್ದ ಆ ಮನೆಯ ಕರಾರುಪತ್ರದಲ್ಲಿದ್ದಂತೆಯೇ ಬಂತು. ಅಸಲಿ ಓನರೇ, ಅನುಮಾನವಿಲ್ಲ.

“ಆದ್ರೆ ಮೇಡಂ, ಕೊಡ್ಬೇಡಿ. ಆ ಹುಡುಗಿ ಸರಿಯಿಲ್ಲ,” ಎಂದ ಅವನು.

ಕನ್ನಡಕದಮ್ಮನಿಗೆ ಬಾಗಿಲು ಬಡಿಯುವ ಸದ್ದು ಮತ್ತೆ ಕೇಳಿದಂತಾಯಿತು. ತಮ್ಮ ‘ನಾನು ಹೇಳ್ಲಿಲ್ವಾ’ ಎಂಬಂತೆ ಹುಬ್ಬು ಹಾರಿಸಿದ. ಫೋನ್ ಇಟ್ಟುಬಿಡುತ್ತಿದ್ದರೇನೋ, ಆದರೆ ತಾವು ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದ ಪ್ರಶ್ನೆಗಳು ಇನ್ನೂ ಉಳಿದಿದ್ದವು.

“ಬಾಡಿಗೆ ಯಾವ ತಿಂಗಳು ತಡ ಮಾಡಿದ್ಲು?”

“ತಡ... ಅಂತೇನಿಲ್ಲ.”

“ಮನೆ ಹಾಳು ಮಾಡಿದ್ಲಾ? ಅಕ್ಕಪಕ್ಕದವರು ದೂರು ಕೊಟ್ರಾ?”

“ಇಲ್ಲ, ಹಂಗೇನಿಲ್ಲ.”

“ಮನೆ ಬಿಡ್ತೀನಿ ಅಂತ ಮೊದಲೇ ತಿಳಿಸಿದ್ಲಾ?”

“ಎರಡು ತಿಂಗಳ ಹಿಂದೇನೇ. ಅದೇ ನೋಡಿ ಕಷ್ಟ.”

“ಮತ್ತೆ ಬಂದು ಮನೆ ಕೇಳಿದ್ರೆ ಅವಳಿಗೆ ಕೊಡ್ತೀರಾ?”

“ಈಗ್ಲೇ ಕೊಡ್ತೀನಿ! ಇಂಥ ಬಾಡಿಗೆದಾರರು ಎಲ್ಲಿ ಸಿಗ್ತಾರೆ ಮೇಡಂ?” ಎಂದವನೇ ನಾಲಿಗೆ ಕಚ್ಚಿಕೊಂಡಿರಬೇಕು. ತಟ್ಟನೆ ಫೋನ್ ಇಟ್ಟುಬಿಟ್ಟ.

ಅಯ್ಯೋ ಘಾತುಕ! ಕನ್ನಡಕದಮ್ಮನಿಗೆ ಪಿತ್ತ ನೆತ್ತಿಗೇರಿತು, ಹಿಂದೆಯೇ ನಗುವೂ ಬಂತು. ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಭಯ ಅರ್ಧಕ್ಕರ್ಧ ಇಳಿದುಹೋಯಿತು. ಆದರೂ ಗಟ್ಟಿ ಮಾಡಿಕೊಳ್ಳೋಣವೆಂದು, ಹುಡುಗಿಯನ್ನು ಕೇಳಿ ಅದಕ್ಕೂ ಹಿಂದಿನ ಮನೆಯ ಓನರಿಗೆ ಫೋನ್ ಮಾಡಿದರು. ಆ ಮುದುಕಿ ಅವಳ ಹೆಸರು ಕೇಳುತ್ತಲೇ, “ಚೆನ್ನಾಗಿದಾಳಾ ನಮ್ಮ ಮಗು?” ಎಂದಳು. ತಮ್ಮ ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಸಂಜೆ ಹುಡುಗಿ ಬಂದಳು. ಕನ್ನಡಕದಮ್ಮ ವಿಷಯ ಮುಚ್ಚಿಡಲಿಲ್ಲ.

“ನಿನ್ನ ಓನರ್ ನಿನ್ನ ಬಿಟ್ಟುಕೊಡೋಕೆ ಮನಸ್ಸಿಲ್ಲದೆ ನನ್ನ ಹತ್ರ ಕೆಟ್ಟದ್ದು ಹೇಳಿದ ಕಣಮ್ಮ.”

ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

“ಮೂರು ಮನೆಯವರು ನಿನ್ನ ಓನರನ್ನ ಕೇಳಿ ನಿಂಗೆ ಫೋನ್ ಮಾಡ್ತೀವಿ ಅಂದು ಮಾಡ್ಲೇ ಇಲ್ಲ. ಗಂಡನ ಬಿಟ್ಟವಳು ಅಂತ ಬೇಡ ಅಂದಿರ್ಬೇಕು ಅನ್ಕೊಂಡಿದ್ದೆ. ನೀವೂ ಅದನ್ನೇ ಕೇಳ್ತೀರಿ ಅಂತ ಉತ್ತರ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಹಾಗಾದ್ರೆ... ನಂದೇನೂ ತಪ್ಪಿರ್ಲಿಲ್ವಾ ಅಮ್ಮ?”

“ಒಂದು ಚೂರೂ ಇಲ್ಲ.”

ಅವಳು ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಕನ್ನಡಕದಮ್ಮನ ಕಣ್ಣೂ ಒದ್ದೆಯಾಯಿತು. ಮೂಗೊರೆಸಿಕೊಂಡು, ಒಂದನೇ ತಾರೀಕಿಗೆ ಬಾ ಎಂದರು.

“ನಾಳೆನೇ ಬರ್ಲಾ?” ಎಂದಳು ಹುಡುಗಿ.